ಒಪ್ಪಿಸುವ ಹೊತ್ತಿನಲ್ಲಿ ಅಪ್ಪ ಏನು ಹೇಳಬೇಕು?

ಮದುವೆ ಸೀಸನ್ ಬಂದರೆ, ಮಗಳನ್ನು ಒಪ್ಪಿಸುವಾಗ ಏನು ಮಾತಾಡಲಿ ಅಂತ ಕೇಳಿಕೊಂಡು ಒಬ್ಬ ಅಪ್ಪನಾದರೂ ನನ್ನ ಹತ್ತಿರ ಬರುತ್ತಾರೆ. ಈ ಸಲ ಬಂದವರು ತುಮಕೂರು ಕಡೆಯ ಒಬ್ಬ ಟೈಲರ್. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹದಿನೈದು ದಿನದಿಂದ ನಿದ್ದೆ ಇಲ್ಲ, ಮಗಳನ್ನು ಒಪ್ಪಿಸುವಾಗ ಮೈಕ್ ಕೊಡ್ತಾರಂತೆ, ಅಲ್ಲೇ ಅತ್ತುಬಿಟ್ಟರೆ ಏನು ಗತಿ ಅನ್ನೋದು ಅವರ ಭಯ.

ಬರೆದುಕೊಂಡಿದ್ದ ಮೂರು ಹಾಳೆ ಓದಿಸಿದೆ. "ಹೊಂದಿಕೊಂಡು ಹೋಗು, ಎದುರುತ್ತರ ಕೊಡಬೇಡ, ತವರಿನ ಮರ್ಯಾದೆ ಉಳಿಸು." ಆಮೇಲೆ ಬೀಗರಿಗೆ, "ಏನೂ ತಿಳಿಯದ ಹುಡುಗಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ." ಒಂದು ಕಡೆಯೂ ತಡವರಿಸದೆ ಓದಿ ಮುಗಿಸಿದರು. ಅದೇ ನನಗೆ ವಿಚಿತ್ರ ಅನ್ನಿಸಿತು. ಅಳು ಬರುತ್ತೆ ಅಂತ ಹೆದರಿದ ಮನುಷ್ಯನಿಗೆ ಗಂಟಲೇ ಕಟ್ಟಲಿಲ್ಲ.

"ಮಗಳು ಚಿಕ್ಕವಳಿದ್ದಾಗ ನೀವು ಅವಳಿಗೆ ಅಂತ ಮಾಡ್ತಿದ್ದ ಒಂದು ಕೆಲಸ ಹೇಳಿ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸ್ಕೂಲ್ ಲಂಗ ನಾನೇ ಹೊಲಿತಿದ್ದೆ ಮೇಡಂ. ಕೆಳಗೆ ನಾಲ್ಕಿಂಚು ಬಟ್ಟೆ ಜಾಸ್ತಿ ಬಿಟ್ಟು ಒಳಗೆ ಮಡಚ್ತಿದ್ದೆ. ಜೂನ್ ಬಂತು ಅಂದ್ರೆ ಹೊಲಿಗೆ ಬಿಚ್ಚಿ ಒಂದಿಂಚು ಇಳಿಸೋದು. ಹಳೇ ಮಡಿಕೆ ಗೆರೆ ಇಸ್ತ್ರಿ ಹಾಕಿದ್ರೂ ಹೋಗ್ತಿರಲಿಲ್ಲ. ಅವಳು ಅದನ್ನ ಎಣಿಸಿ, ಅಪ್ಪಾ, ಮೂರು ಗೆರೆ ಬೆಳೆದೆ ಅಂತ..." ಅಷ್ಟಕ್ಕೆ ಮಾತು ನಿಂತುಹೋಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಯಾಕೆ ಬರೆದಿಲ್ಲ?"

"ಇದೇನು ಮೈಕಲ್ಲಿ ಹೇಳೋ ಮಾತಾ ಮೇಡಂ?"

ಇದೇ ಹೇಳೋ ಮಾತು ಅಂದೆ. ಆ ಮೂರು ಹಾಳೆ ಪಕ್ಕಕ್ಕಿಡಿಸಿದೆ.

ಹಾಗಾದರೆ ಅಪ್ಪ ಮಗಳಿಗೆ ಬುದ್ಧಿ ಹೇಳಲೇಬಾರದಾ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಹೇಳಿ, ಅದಕ್ಕೆ ಮನೆಯಲ್ಲಿ ಇಷ್ಟು ವರ್ಷ ಇತ್ತಲ್ಲ. ಆದರೆ ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ನನ್ನ ಮುಂದೆ ಕೂತು ಅಳುವ ಹೆಣ್ಣುಮಕ್ಕಳನ್ನು "ಕಷ್ಟ ಇದ್ದಾಗ ತವರಿಗೆ ಯಾಕೆ ಫೋನ್ ಮಾಡಲಿಲ್ಲ" ಅಂತ ಕೇಳಿದರೆ, "ಅಪ್ಪ ಎಲ್ಲರೆದುರು ಮರ್ಯಾದೆ ಉಳಿಸು ಅಂದಿದ್ರಲ್ಲ" ಅನ್ನುವವರು ಒಬ್ಬಿಬ್ಬರಲ್ಲ. ಹಾಲಲ್ಲಿ ಅದ್ದಿದ ಕೈಯನ್ನು ಅತ್ತೆ ಮಾವನ ಕೈಗೆ ಇಡುವ ಹೊತ್ತಿನಲ್ಲಿ ಕೇಳಿದ ಮಾತು ಅಷ್ಟು ಸುಲಭಕ್ಕೆ ಮರೆಯೋದಿಲ್ಲ. ದುಡಿಯುವ, ಓದಿದ ಹುಡುಗಿಯನ್ನು "ಏನೂ ತಿಳಿಯದವಳು" ಅಂತ ಹೇಳಿ ಒಪ್ಪಿಸೋದೂ ನನಗೆ ಒಪ್ಪಿಗೆಯಿಲ್ಲ. ಅದು ವಿನಯ ಅಂತ ನಾವು ಅಂದುಕೊಂಡಿದ್ದೇವೆ, ಕೇಳಿಸಿಕೊಳ್ಳುವ ಮಗಳಿಗೆ ಹಾಗನ್ನಿಸೋದಿಲ್ಲ.

ಒಂದು ವಿಷಯದಲ್ಲಿ ಅವರು ನನ್ನನ್ನೇ ತಿದ್ದಿದರು. "ಯಾವಾಗ ಬೇಕಾದ್ರೂ ವಾಪಸ್ ಬಾ" ಅಂತ ಮೈಕಲ್ಲೇ ಹೇಳಿ ಅಂದಿದ್ದೆ. "ಬೇಡ ಮೇಡಂ, ಇನ್ನೂ ಕಾರು ಹತ್ತಿಲ್ಲ, ಆಗಲೇ ವಾಪಸ್ ಮಾತು ಆಡ್ತಾರೆ ಅಂತ ಗಂಡಿನ ಕಡೆಯವರು ನೊಂದ್ಕೋತಾರೆ" ಅಂದರು. ನಿಜ. ಹಾಗಾಗಿ ಆ ಮಾತನ್ನು ಛತ್ರಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಮಗಳ ಪಕ್ಕ ಕೂತು ಹೇಳೋದು ಅಂತಾಯಿತು. ಸುತ್ತಿ ಬಳಸದೆ: "ಏನೇ ಆದ್ರೂ, ಎಷ್ಟೊತ್ತಲ್ಲೇ ಆದ್ರೂ ಫೋನ್ ಮಾಡು, ನಾನು ಬರ್ತೀನಿ, ಯಾಕೆ ಅಂತ ಕೇಳಲ್ಲ."

ಉಳಿದ ಸಲಹೆ ಸಣ್ಣದು. ಕಾರಿನ ಹತ್ತಿರ ಮಾತಾಡಬೇಡಿ, ಅಷ್ಟೊತ್ತಿಗೆ ಎಲ್ಲರೂ ಅಳುತ್ತಿರುತ್ತಾರೆ. ಹಾಲಿನ ಬಟ್ಟಲು ತರುವ ಮೊದಲೇ ಮುಗಿಸಿ. ಎರಡು ನಿಮಿಷ ಸಾಕು. ತೀರಾ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡಿ, ಯಾಕಂದರೆ ಗಂಟಲು ಕಟ್ಟೋದು ಕೊನೆಯಲ್ಲಿ. ಆಗ ಬಲವಂತವಾಗಿ ಮುಂದುವರಿಸಬೇಡಿ, ನೀರು ಕುಡಿಯಿರಿ, ಜನ ಕಾಯುತ್ತಾರೆ. ಮನೆಯಲ್ಲಿ ಮಗಳನ್ನು ಹೇಗೆ ಕರೀತೀರೋ ಹಾಗೇ ಕರೆಯಿರಿ.

ಕೊನೆಗೆ ದಪ್ಪ ಅಕ್ಷರದಲ್ಲಿ ಒಂದೇ ಚೀಟಿ ಬರೆದುಕೊಂಡು ಹೋದರು:

"ಪುಟ್ಟೀ, ನೀನು ನಮ್ಮನೇಲಿ ಹುಟ್ಟಿದ್ದು ನಮಗೆ ತುಂಬಾ ಖುಷಿ ಕಣಮ್ಮ. ನಿನ್ನ ಲಂಗದ ಗೆರೆ ಎಣಿಸ್ತಾ ಎಣಿಸ್ತಾ ನೀನು ಇಷ್ಟು ದೊಡ್ಡವಳಾಗಿದ್ದೇ ನನಗೆ ಗೊತ್ತಾಗಲಿಲ್ಲ. ಅಳಿಯಂದ್ರೇ, ಇವಳು ಬೆಳಿಗ್ಗೆ ಕಾಫಿ ಕುಡಿಯೋ ತನಕ ಮಾತಾಡಲ್ಲ, ಅದು ಕೋಪ ಅಲ್ಲ. ಬೀಗರೇ, ನಮ್ಮ ಮನೆಯ ನಗು ನಿಮ್ಮ ಮನೆಗೆ ಬರ್ತಿದೆ. ಹಬ್ಬಕ್ಕೆ ಕಾಯದೆ ನೀವೆಲ್ಲ ಬರ್ತಾ ಇರಿ."

ಮದುವೆಯಾಗಿ ನಾಲ್ಕನೇ ದಿನ ಫೋನ್ ಮಾಡಿದರು. ಕೊನೆಯ ಸಾಲು ಹೇಳೋಕೆ ಆಗಲಿಲ್ಲವಂತೆ, ಮೈಕ್ ಹೆಂಡತಿಗೆ ಕೊಟ್ಟರಂತೆ, ಅವರು ಹೇಳಿದರಂತೆ. "ನಿನ್ನೆ ಬೀಗಿತ್ತಿ ಫೋನ್ ಮಾಡಿದ್ರು ಮೇಡಂ" ಅಂದರು. "ಆ ಲಂಗ ಇನ್ನೂ ಇಟ್ಟಿದ್ದೀರಾ, ಬಂದಾಗ ನೋಡಬೇಕು ಅಂದ್ರು. ಟ್ರಂಕಲ್ಲಿತ್ತು. ತೆಗೆದು ಒಗೆದು ಹಾಕಿದ್ದೀನಿ."