ಭದ್ರತೆಗೆ ಕೊಟ್ಟ ಚೆಕ್ಕು ಬ್ಯಾಂಕಿಗೆ ಹೋದರೆ

*ಪರಿಚಯದವರ ಹತ್ತಿರ ಅಂಗಡಿಗಾಗಿ 3 ಲಕ್ಷ ಕೈಸಾಲ ತಗೊಂಡಿದ್ದೆ. ಭದ್ರತೆಗೆ ಅಂತ ಮುಂದಿನ ತಾರೀಕು ಹಾಕಿ 3 ಲಕ್ಷದ ಒಂದು ಚೆಕ್ಕು, ಸಹಿ ಮಾತ್ರ ಮಾಡಿದ ಒಂದು ಖಾಲಿ ಚೆಕ್ಕು ಕೊಟ್ಟೆ. ಇದುವರೆಗೆ ಫೋನ್‌ಪೇಯಲ್ಲಿ 1,10,000, ಕೈಯಲ್ಲಿ 70,000 ತೀರಿಸಿದ್ದೇನೆ. ಈಗ ಜಗಳವಾಗಿ, ಮುಂದಿನ ತಿಂಗಳು ಚೆಕ್ಕು ಹಾಕ್ತೀನಿ ಅಂತಿದ್ದಾರೆ. ಭದ್ರತೆಯ ಚೆಕ್ಕಿಗೆ ಕೇಸು ನಡೆಯಲ್ಲ, ಸ್ಟಾಪ್ ಪೇಮೆಂಟ್ ಕೊಡು ಅಂತ ಗೆಳೆಯರು ಹೇಳ್ತಾರೆ. ನಿಜವೇ? ಅಂಗಡಿ ಮಾಲೀಕರೂ 11 ತಿಂಗಳ ಬಾಡಿಗೆ ಚೆಕ್ಕು ಕೇಳ್ತಿದ್ದಾರೆ. ಕೊಡಬಹುದೇ?*
*– ಓದುಗರೊಬ್ಬರು, ದಾವಣಗೆರೆ*

ನಿಮ್ಮ ಗೆಳೆಯರ ಮಾತು ನಂಬಿ ಸುಮ್ಮನೆ ಕೂರಬೇಡಿ. ‘ಭದ್ರತೆಗೆ ಕೊಟ್ಟಿದ್ದು’ ಎಂಬ ಒಂದೇ ಕಾರಣಕ್ಕೆ ಚೆಕ್ ಬೌನ್ಸ್ ಕೇಸು ಬಿದ್ದುಹೋಗುವುದಿಲ್ಲ. ಸಾಲ ಕೊಟ್ಟು, ತೀರಿಸುವ ದಿನ ಗೊತ್ತುಮಾಡಿ, ಆ ದಿನ ದಾಟಿದರೂ ಹಣ ಬರದಿದ್ದರೆ ಭದ್ರತೆಯ ಚೆಕ್ಕನ್ನೂ ಬ್ಯಾಂಕಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಶ್ರೀಪತಿ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕೋರ್ಟು ನೋಡುವುದು ಮುಖ್ಯವಾಗಿ ಒಂದನ್ನು. ಚೆಕ್ಕಿನ ತಾರೀಕು ಬಂದು ಅದನ್ನು ಬ್ಯಾಂಕಿಗೆ ಹಾಕುವಾಗ, ಅದರಲ್ಲಿ ಬರೆದಷ್ಟು ಹಣವನ್ನು ನೀವು ನಿಜವಾಗಿ ಕೊಡಬೇಕಿತ್ತೇ?

ನಿಮಗೆ ಆಸರೆ ಸಿಗುವುದೂ ಇಲ್ಲೇ. 2022ರಲ್ಲಿ ತೀರ್ಮಾನವಾದ ಗುಜರಾತಿನ ದಶರಥಭಾಯಿ ಪಟೇಲ್ ಪ್ರಕರಣ ಹೆಚ್ಚುಕಡಿಮೆ ನಿಮ್ಮ ಕಥೆಯೇ. ಸಾಲ 20 ಲಕ್ಷ, ಭದ್ರತೆಗೆ 20 ಲಕ್ಷದ ಚೆಕ್ಕು. ನಡುವೆ 4 ಲಕ್ಷ ಚಿಲ್ಲರೆ ವಾಪಸ್ ಬಂದಿತ್ತು. ಆದರೂ ಸಾಲಗಾರರ ಚೆಕ್ಕನ್ನು ಪೂರ್ತಿ 20 ಲಕ್ಷಕ್ಕೇ ಬ್ಯಾಂಕಿಗೆ ಹಾಕಲಾಯಿತು. ಆ ದಿನ ಬಾಕಿ ಇದ್ದದ್ದು ಅಷ್ಟು ಅಲ್ಲ, ಹಾಗಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಪ್ರಕಾರ ಚೆಕ್ ಬೌನ್ಸ್ ಅಪರಾಧ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಂದಿಷ್ಟು ಹಣ ಬಂದಿದ್ದರೆ ಅದನ್ನು ಚೆಕ್ಕಿನ ಮೇಲೆ ಬರೆದು ಗುರುತು ಮಾಡಿ, ಉಳಿದ ಬಾಕಿಗೆ ಮಾತ್ರ ಹಾಕಬೇಕು. ಅದೇ ಕಾಯ್ದೆಯ ಸೆಕ್ಷನ್ 56 ಅದಕ್ಕೇ ಇದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಮ್ಮ ಮಾತಿನಂತೆ ಬಾಕಿ 1,20,000. ಕೈಯಲ್ಲಿ ಕೊಟ್ಟ 70,000ಕ್ಕೆ ರಸೀದಿ ಇಲ್ಲದಿದ್ದರೆ ಕಾಗದದ ಮೇಲೆ ಬಾಕಿ 1,90,000. ಆಗಲೂ ಅದು 3 ಲಕ್ಷವಲ್ಲ! ಅಂದರೆ ಫೋನ್‌ಪೇಯ 1,10,000 ಒಂದನ್ನೇ ಸಾಬೀತು ಮಾಡಿದರೂ 3 ಲಕ್ಷದ ಚೆಕ್ಕಿನ ಬುಡ ಸಡಿಲವಾಗುತ್ತದೆ. ಇದಕ್ಕೆ ಎದುರಿನವರ ಉತ್ತರ ಏನಿರುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ: ‘ಅದು ಬಡ್ಡಿ, ಅಸಲು ಹಾಗೇ ಇದೆ.’ ಬಡ್ಡಿಯ ಮಾತು ನೀವು ಬರೆದಿಲ್ಲ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ 3 ಲಕ್ಷಕ್ಕೆ ತಿಂಗಳಿಗೆ 6,000. ನೀವು ಪ್ರತಿ ತಿಂಗಳು ಅದೇ ಹೊತ್ತಿಗೆ ಅಷ್ಟಷ್ಟೇ ಹಾಕಿದ್ದರೆ ಅದು ಬಡ್ಡಿಯಂತೆಯೇ ಕಾಣುತ್ತದೆ. ಒಮ್ಮೆ 50,000, ಒಮ್ಮೆ 30,000 ಹೀಗೆ ಹಾಕಿದ್ದರೆ ಅಸಲು ಎನ್ನುವ ನಿಮ್ಮ ಮಾತಿಗೆ ಬಲ ಬರುತ್ತದೆ. ಆದ್ದರಿಂದ ಇವತ್ತೇ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ. ‘ಸಿಕ್ಕಿತು, ಇನ್ನು ಇಷ್ಟು ಬಾಕಿ’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶ ಇದ್ದರೂ ಅಳಿಸಬೇಡಿ. ಫೋನು ಬದಲಾಯಿಸುವುದಾದರೆ ಹಳೆಯದನ್ನು ಮಾರಬೇಡಿ.

ನನಗೆ ಹೆಚ್ಚು ಭಯವಾಗುವುದು ಆ ಖಾಲಿ ಚೆಕ್ಕಿನ ಬಗ್ಗೆ. ಮುಂದಿನ ತಾರೀಕಿನ ಚೆಕ್ಕಿಗೆ ಆ ತಾರೀಕಿನಿಂದ ಮೂರು ತಿಂಗಳಷ್ಟೇ ಆಯುಸ್ಸು. ಖಾಲಿ ಚೆಕ್ಕಿಗೆ ತಾರೀಕೇ ಇಲ್ಲವಲ್ಲ, ಬೇಕಾದಾಗ ತುಂಬಬಹುದು. ತಾವಾಗಿ ಸಹಿ ಮಾಡಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ, ಅದು ಸಾಲ ತೀರಿಸಲು ಕೊಟ್ಟದ್ದು ಎಂದೇ ಕೋರ್ಟು ಮೊದಲಿಗೆ ಊಹಿಸುತ್ತದೆ. 2019ರ ಬೀರ್ ಸಿಂಗ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ‘ಅಕ್ಷರ ನನ್ನದಲ್ಲ’ ಎಂಬ ವಾದ ಸಾಲದು. ಅವರು ಅದರಲ್ಲಿ 1,20,000 ಎಂದು ಬರೆದು ಹಾಕಿದರೆ, ಮೇಲೆ ಹೇಳಿದ ಆಸರೆಯೂ ನಿಮಗೆ ಸಿಗುವುದಿಲ್ಲ. 5 ಲಕ್ಷ ಎಂದು ಬರೆದರೆ, ಅಷ್ಟು ಸಾಲ ಇರಲಿಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ. ಸಮಾಧಾನದ ವಿಷಯ ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲದಂತೆ ತೋರಿಸಬೇಕಿಲ್ಲ, ನಿಮ್ಮ ಮಾತೇ ಹೆಚ್ಚು ನಂಬುವಂತಿದ್ದರೆ ಸಾಕು. ನಮ್ಮ ಕರ್ನಾಟಕದಿಂದ ಹೋದ ಬಸಲಿಂಗಪ್ಪ ಪ್ರಕರಣದಲ್ಲಿ, ಸಾಲ ಕೊಟ್ಟೆ ಎನ್ನುವವರಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂಬ ಪ್ರಶ್ನೆಯ ಮೇಲೆಯೇ 2019ರಲ್ಲಿ ಆರೋಪಿಗೆ ಬಿಡುಗಡೆ ಸಿಕ್ಕಿತು.

ಸ್ಟಾಪ್ ಪೇಮೆಂಟ್ ಕೊಟ್ಟ ಮಾತ್ರಕ್ಕೆ ಕೇಸು ತಪ್ಪುವುದಿಲ್ಲ. ಖಾತೆ ಮುಚ್ಚಿದರೂ ಅಷ್ಟೇ. ಖಾತೆಯಲ್ಲಿ ಹಣ ಇತ್ತು, ನಿಲ್ಲಿಸಲು ನ್ಯಾಯವಾದ ಕಾರಣವೂ ಇತ್ತು ಎಂದು ನೀವು ತೋರಿಸಬಲ್ಲಿರಾದರೆ ಮಾತ್ರ ಅದು ನಿಮ್ಮ ಪರ ನಿಲ್ಲುತ್ತದೆ. ಆದ್ದರಿಂದ ಮೊದಲು ಕಾಗದ ಬರೆಯಿರಿ, ಚೆಕ್ಕಿನ ತಾರೀಕು ಬರುವ ಮುಂಚೆಯೇ. ಎರಡೂ ಚೆಕ್ಕಿನ ನಂಬರು, ಯಾವ ದಿನ ಎಷ್ಟು ಕೊಟ್ಟಿರಿ, ಬಾಕಿ ಎಷ್ಟು ಎಂದು ಕಾಣಿಸಿ. ‘1,20,000ಕ್ಕೆ ಹೊಸ ಚೆಕ್ಕು ಕೊಡುತ್ತೇನೆ, ಹಳೆಯ ಎರಡನ್ನೂ ವಾಪಸ್ ಕೊಡಿ’ ಎಂದು ಕೇಳಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ನಕಲು ಮತ್ತು ರಸೀದಿ ಜೋಪಾನ ಮಾಡಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಆ ಕಾಗದ ಇಟ್ಟುಕೊಂಡು ವಕೀಲರನ್ನು ಕಾಣಿ, ಸ್ಟಾಪ್ ಪೇಮೆಂಟಿನ ಮಾತು ಆಮೇಲೆ.

ಅಷ್ಟರಲ್ಲೇ ಚೆಕ್ಕು ಹಾಕಿ, ಅದು ಬೌನ್ಸ್ ಆಯಿತು ಎಂದುಕೊಳ್ಳಿ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಅವರು ನಿಮಗೆ ನೋಟಿಸ್ ಕೊಡಬೇಕು. ಅದು ಕೈಸೇರಿದ ಮೇಲೆ ನಿಮಗೆ 15 ದಿನ. ಆ 15 ದಿನ ಬಹಳ ಬೆಲೆಯುಳ್ಳದ್ದು. ಪೋಸ್ಟ್‌ಮ್ಯಾನ್‌ಗೆ ‘ಮನೆಯಲ್ಲಿಲ್ಲ’ ಎಂದು ಹೇಳಿಸಬೇಡಿ, ತಲುಪಿತೆಂದೇ ಕೋರ್ಟು ಭಾವಿಸಬಹುದು. ನಿಜವಾದ ಬಾಕಿಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ಲೆಕ್ಕ ಬರೆದು ನೋಟಿಸಿಗೆ ಉತ್ತರ ಕಳಿಸಿ. ಸುಮ್ಮನಿದ್ದರೆ, ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಅವರು ಕೋರ್ಟಿಗೆ ಹೋಗಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ಮಾತು. ಕ್ರಿಮಿನಲ್ ಕೇಸು ಬಿದ್ದುಹೋದರೂ ಸಾಲ ಮಾಫಿ ಆಗುವುದಿಲ್ಲ. ಬಾಕಿಗಾಗಿ ಅವರು ಸಿವಿಲ್ ದಾವೆ ಹೂಡಬಹುದು. ಕೊಡಬೇಕಾದ್ದನ್ನು ಕೊಟ್ಟುಬಿಡಿ.

ಬಾಡಿಗೆ ಚೆಕ್ಕು ಕೊಡಬಹುದು, ಖಾಲಿ ಮಾತ್ರ ಬೇಡ. ಮಾಲೀಕರ ಹೆಸರು, ತಾರೀಕು, ಒಂದೇ ತಿಂಗಳ ಬಾಡಿಗೆಯ ಮೊತ್ತ ನೀವೇ ತುಂಬಿ, ಅಡ್ಡಗೆರೆ ಎಳೆದು ‘ಎ/ಸಿ ಪೇಯೀ’ ಎಂದು ಬರೆಯಿರಿ. ಹನ್ನೊಂದರ ನಂಬರನ್ನೂ ಬಾಡಿಗೆ ಕರಾರಿನಲ್ಲೇ ಸೇರಿಸಿ, ‘ಅಂಗಡಿ ಬಿಟ್ಟರೆ ಉಳಿದ ಚೆಕ್ಕು ವಾಪಸ್’ ಎಂಬ ಸಾಲು ಹಾಕಿಸಿ. ಆರನೇ ತಿಂಗಳಿಗೆ ಬಿಟ್ಟಿರಿ ಅನ್ನಿ. ನಡುವೆ ಬಿಡಲು ಕರಾರಿನಲ್ಲಿ ಅವಕಾಶ ಇದ್ದು, ಅದರಂತೆಯೇ ಬಿಟ್ಟಿದ್ದರೆ ಮುಂದಿನ ಐದು ತಿಂಗಳಿಗೆ ನೀವು ಬಾಡಿಗೆ ಕೊಡಬೇಕಿಲ್ಲ. ಆದರೆ ಚೆಕ್ಕುಗಳು ಅವರ ಡ್ರಾಯರಿನಲ್ಲೇ ಇದ್ದರೆ ಅದನ್ನು ಕೋರ್ಟಿನಲ್ಲಿ ವಿವರಿಸುವ ಕೆಲಸ ನಿಮ್ಮದಾಗುತ್ತದೆ. ಹಾಗಾಗಿ ಬೀಗದ ಕೈ ಕೊಡುವಾಗಲೇ ಉಳಿದ ಚೆಕ್ಕು ಎಣಿಸಿ ತಗೊಳ್ಳಿ. ಒಂದು ಕಳೆದಿದೆ ಎಂದರೆ ಅದರ ನಂಬರು ಬರೆದು, ಅವರ ಸಹಿ ಮಾಡಿಸಿಕೊಂಡು, ಅದೇ ದಿನ ಬ್ಯಾಂಕಿಗೂ ತಿಳಿಸಿ.
– ಸಂಪಾದಕ