ಒಂದು ಹನಿಯಿಂದ ಕಣ್ಣಿಗೆ ಒಂದೇ ಬಣ್ಣ

ಪ್ರಶ್ನೆ: ನಾಲ್ಕನೇ ತರಗತಿಯ ಮಕ್ಕಳ ಮುಂದೆ ಹತ್ತು ನಿಮಿಷ ಮಾತನಾಡಬೇಕಿದೆ. ಕಾಮನಬಿಲ್ಲಿನ ಬಣ್ಣಗಳು ಯಾವಾಗಲೂ ಒಂದೇ ಸಾಲಿನಲ್ಲಿ ಏಕೆ ಇರುತ್ತವೆ ಎಂಬುದನ್ನು ಅವರಿಗೆ ಅರ್ಥವಾಗುವಂತೆ ಹೇಗೆ ಹೇಳಲಿ?

ಬಿಳಿ ಬೆಳಕು ಮಳೆಹನಿಯೊಳಗೆ ಹೋಗಿ ಏಳು ಬಣ್ಣವಾಗಿ ಒಡೆಯುತ್ತದೆ ಎಂಬಲ್ಲಿಗೆ ಹೆಚ್ಚಿನವರು ಪಾಠ ಮುಗಿಸಿಬಿಡುತ್ತಾರೆ. ಬಣ್ಣ ಎಲ್ಲಿಂದ ಬಂತು ಎಂಬುದು ಅದರಿಂದ ತಿಳಿಯುತ್ತದೆ, ಸಾಲು ಏಕೆ ಬದಲಾಗುವುದಿಲ್ಲ ಎಂಬುದು ತಿಳಿಯುವುದಿಲ್ಲ. ನಾನು ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಪ್ರಕಾರ ಮಕ್ಕಳಿಗೆ ದಾಟಿಸಲೇಬೇಕಾದ ಮಾತು ಒಂದೇ: ಒಂದು ಹನಿಯಿಂದ ನಿನ್ನ ಕಣ್ಣಿಗೆ ಬರುವುದು ಒಂದೇ ಬಣ್ಣ. ಅದು ಯಾವುದು ಎಂಬುದು ಆ ಹನಿ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿಬಿಡಿ. ಹತ್ತಿರದ ಪ್ರೌಢಶಾಲೆಯ ಪ್ರಯೋಗಾಲಯದಿಂದ ದುಂಡು ತಳದ ಗಾಜಿನ ಫ್ಲಾಸ್ಕ್ ಒಂದನ್ನು ತಂದು, ನೀರು ತುಂಬಿಸಿ. ಇದೇ ನಮ್ಮ ದೊಡ್ಡ ಮಳೆಹನಿ. ಬಿಸಿಲಿರುವ ದಿನ ಸಂಜೆ ನಾಲ್ಕರ ಹೊತ್ತಿಗೆ ಮಕ್ಕಳನ್ನು ಸೂರ್ಯನಿಗೆ ಬೆನ್ನು ಮಾಡಿ ಕೂರಿಸಿ. ನಾಲ್ಕೈದು ಹೆಜ್ಜೆ ಮುಂದೆ ನಿಂತು ಫ್ಲಾಸ್ಕನ್ನು ಎತ್ತರಕ್ಕೆ ಹಿಡಿದು, ನಿಧಾನವಾಗಿ ಕೆಳಗಿಳಿಸುತ್ತಾ ಬನ್ನಿ. ಮೊದಲು ಏನೂ ಕಾಣುವುದಿಲ್ಲ. ಒಂದು ಎತ್ತರಕ್ಕೆ ಬಂದಾಗ ಗಾಜಿನ ಕೆಳ ಅಂಚಿನ ಬಳಿ ಥಟ್ಟನೆ ಕೆಂಪು ಚುಕ್ಕೆಯೊಂದು ಹೊಳೆಯುತ್ತದೆ. ಇನ್ನೂ ತುಸು ಇಳಿಸಿದರೆ ಅದೇ ಚುಕ್ಕೆ ಹಳದಿ, ಹಸಿರು, ನೀಲಿಯಾಗುತ್ತದೆ. ಸಾಲಿನ ಈ ತುದಿಯ ಮಗುವಿಗೆ ಕೆಂಪು ಕಂಡಾಗ ಆ ತುದಿಯ ಮಗುವಿಗೆ ಬೇರೆ ಬಣ್ಣ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಈ ಗಲಾಟೆ ಪಾಠಕ್ಕೆ ಬೇಕಾದದ್ದೇ. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1637ರಲ್ಲಿ ಕಾಮನಬಿಲ್ಲನ್ನು ವಿವರಿಸಿದ್ದು ಇಂಥದೇ ನೀರು ತುಂಬಿದ ಗಾಜಿನ ಗೋಲ ಹಿಡಿದು. ಒಂದು ಎಚ್ಚರಿಕೆ: ನೀರು ತುಂಬಿದ ಫ್ಲಾಸ್ಕ್ ಬಿಸಿಲನ್ನು ಒಂದೆಡೆ ಕೂಡಿಸಿ ಸುಡಬಲ್ಲದು. ಅದನ್ನು ಬಿಸಿಲಿನಲ್ಲಿ ಇಟ್ಟು ಹೋಗಬೇಡಿ, ಅದರ ಮೂಲಕ ಸೂರ್ಯನನ್ನು ನೋಡಲು ಯಾರಿಗೂ ಬಿಡಬೇಡಿ.

ಇನ್ನು ಕಾರಣ. ಬೆಳಕು ಹನಿಯೊಳಗೆ ಹೋಗುವಾಗ ಬಾಗುತ್ತದೆ, ಹಿಂದಿನ ಗೋಡೆಗೆ ಬಡಿದು ತಿರುಗುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ನೇರಳೆ ಹೆಚ್ಚು ಬಾಗುವ ಬಣ್ಣ, ಕೆಂಪು ಕಡಿಮೆ ಬಾಗುವ ಬಣ್ಣ. ಆದ್ದರಿಂದ ನೇರಳೆ ಬಂದ ದಾರಿಯ ಕಡೆಗೇ ಹೆಚ್ಚು ತಿರುಗಿಕೊಳ್ಳುತ್ತದೆ. ಬಿಸಿಲು ಬಂದ ದಿಕ್ಕಿಗೂ ವಾಪಸು ಹೊರಟ ಬೆಳಕಿಗೂ ನಡುವಿನ ಕೋನ ಕೆಂಪಿಗೆ ಸುಮಾರು 42 ಡಿಗ್ರಿ, ನೇರಳೆಗೆ ಸುಮಾರು 40. ನೀರಿನ ಗುಣ ಇದು. ಬೇಲೂರಿನ ಮಳೆಯಾದರೂ ಸಕಲೇಶಪುರದ ಮಳೆಯಾದರೂ ಕೋನ ಅಷ್ಟೇ.

ಮಕ್ಕಳಿಗೆ ಡಿಗ್ರಿ ಬೇಡ, ಉಲ್ಲನ್ ದಾರ ಸಾಕು. ಗೋಡೆಯ ಮೇಲೆ ಒಂದರ ಕೆಳಗೊಂದು ಎರಡು ಹನಿಗಳನ್ನು ಬರೆದು, ಪ್ರತಿಯೊಂದರಿಂದ ಒಂದು ಕೆಂಪು, ಒಂದು ನೇರಳೆ ದಾರ ಇಳಿಬಿಡಿ. ಕೆಂಪು ದಾರ ಹೆಚ್ಚು ಕಡಿದಾಗಿ ಇಳಿಯಬೇಕು. ಮೇಲಿನ ಹನಿಯ ಕೆಂಪು ದಾರವೂ ಕೆಳಗಿನ ಹನಿಯ ನೇರಳೆ ದಾರವೂ ಸೇರುವ ಜಾಗದಲ್ಲಿ ಒಂದು ಮಗುವನ್ನು ನಿಲ್ಲಿಸಿ. ಮೇಲಿನ ಹನಿಯ ನೇರಳೆ ಅದರ ತಲೆಯ ಮೇಲೆ ಹಾದುಹೋಗುತ್ತದೆ, ಕೆಳಗಿನ ಹನಿಯ ಕೆಂಪು ಕಣ್ಣಿಗಿಂತ ಕೆಳಗೆ ಹೋಗುತ್ತದೆ. ಮೇಲೆ ಕೆಂಪು, ಕೆಳಗೆ ನೇರಳೆ ಎಂದು ಆ ಮಗುವೇ ಹೇಳುತ್ತದೆ. ಉಳಿದ ಬಣ್ಣಗಳು ಬಾಗುವಿಕೆಯ ಕ್ರಮದಲ್ಲೇ ನಡುವೆ ಕೂರುತ್ತವೆ. ಹನಿ ಬೀಳುತ್ತಲೇ ಇರುವಾಗ ಬಣ್ಣ ಹೇಗೆ ನಿಲ್ಲುತ್ತದೆ ಎಂದು ಯಾರಾದರೂ ಕೇಳುತ್ತಾರೆ: ಒಂದು ಹನಿ ಆ ಜಾಗ ಬಿಟ್ಟೊಡನೆ ಇನ್ನೊಂದು ಅಲ್ಲಿಗೆ ಬರುತ್ತದೆ.

ನಮ್ಮ ಕಡೆಯ ಮಕ್ಕಳು ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದಾಗ ಕಾಮನಬಿಲ್ಲು ನೋಡಿರುತ್ತಾರೆ. ಅಲ್ಲಿ ಅಳೆಯಲು ಹೇಳಿ. ಕೈ ನೀಳವಾಗಿ ಚಾಚಿ, ತಲೆಯ ನೆರಳಿನಿಂದ ಎರಡು ಗೇಣು ಹೋದರೆ ಹೆಚ್ಚುಕಡಿಮೆ ಕೆಂಪು ಸಿಗುತ್ತದೆ. ಅಲ್ಲಿಂದ ಒಂದು ಹೆಬ್ಬೆರಳಿನ ಅಗಲ ಒಳಗೆ ಬಂದರೆ ನೇರಳೆ. ಗೇಣು ಚಿಕ್ಕದಾದರೂ ತೋಳೂ ಅಷ್ಟೇ ಚಿಕ್ಕದಿರುವುದರಿಂದ ಅಳತೆ ಹೆಚ್ಚು ತಪ್ಪುವುದಿಲ್ಲ.

"ಯಾವಾಗಲೂ ಕೆಂಪೇ ಹೊರಗೆ" ಎಂದು ಮಾತ್ರ ಹೇಳಬೇಡಿ. ಕೆಲವೊಮ್ಮೆ ಮುಖ್ಯ ಬಿಲ್ಲಿನ ಹೊರಗೆ ಇನ್ನೊಂದು ಮಸುಕಾದ ಬಿಲ್ಲು ಕಾಣುತ್ತದೆ. ಅದರಲ್ಲಿ ಬೆಳಕು ಹನಿಯೊಳಗೆ ಎರಡು ಸಲ ಬಡಿದು ಹೊರಬರುತ್ತದೆ, ಬಣ್ಣಗಳು ತಿರುವುಮುರುವಾಗಿ ಕೆಂಪು ಒಳಗಿರುತ್ತದೆ. ಅದನ್ನು ಕಂಡ ಮಗು ತರಗತಿಯಲ್ಲಿ ಇದ್ದೇ ಇರುತ್ತದೆ. ಆ ಬಿಲ್ಲಿಗೂ ಅದರದೇ ಆದ ಕೋನವಿದೆ, ಅದರ ಸಾಲೂ ಬದಲಾಗುವುದಿಲ್ಲ ಎಂದು ಆ ಮಗುವಿಗೆ ಹೇಳಿ.