ಟಾಯ್ಲೆಟ್ ಕ್ಲೀನರ್ ಲೇಬಲ್‌ಗೆ ಅರೇಬಿಕ್ ಎಚ್ಚರಿಕೆ

> "ನಮ್ಮದು ಬೆಳಗಾವಿ ಉದ್ಯಮಬಾಗದಲ್ಲಿ ಸಣ್ಣ ಯುನಿಟ್. ಟಾಯ್ಲೆಟ್ ಕ್ಲೀನರ್ ದುಬೈಗೆ ಹೋಗಬೇಕು. ಅರೇಬಿಕ್ ಬಲ್ಲವರ ಹತ್ತಿರ ಎಚ್ಚರಿಕೆ ಬರೆಸಿದರೆ ಸಾಕಾ?"

ಸಾಲದು ಸರ್. ಇಲ್ಲಿ ಅನುವಾದ ಮಾಡೋದಲ್ಲ, ಸಿದ್ಧವಾಕ್ಯ ಎತ್ತಿಕೊಳ್ಳೋದು. ನಿಮ್ಮ ಸೇಫ್ಟಿ ಡೇಟಾ ಶೀಟ್‌ನ 2ನೇ ಭಾಗದಲ್ಲಿ `H314` ಥರದ ಕೋಡ್ ಇರುತ್ತದೆ. ರಾಸಾಯನಿಕಗಳ ಅಪಾಯವನ್ನು ಲೇಬಲ್‌ನಲ್ಲಿ ಹೇಗೆ ತೋರಿಸಬೇಕೆಂದು ಹೇಳುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪುಸ್ತಕದ ಅರೇಬಿಕ್ ಆವೃತ್ತಿಯಲ್ಲಿ 3ನೇ ಅನುಬಂಧ ತೆಗೆದು, ಅದೇ ಕೋಡ್‌ನ ಎದುರಿಗಿರುವ ವಾಕ್ಯವನ್ನು ಹಾಗೇ ಇಳಿಸಿ.

ಯಾಕೆಂದರೆ `H314` ಅಂದರೆ ಚರ್ಮ ಸುಡುತ್ತದೆ, ಕಣ್ಣು ಹಾಳಾಗುತ್ತದೆ. `H315` ಅಂದರೆ ಬರೀ ಚರ್ಮದ ಉರಿ. ಒಳ್ಳೆಯ ಅರೇಬಿಕ್ ಬಲ್ಲವರೂ ಇವೆರಡನ್ನು ಒಂದೇ ಮಾಡಿಬಿಡಬಹುದು.

ನಮ್ಮದೂ ಹೀಗೇ ಕೆಟ್ಟಿತ್ತು. `H314`ಗೆ ಅಪಾಯದ ದರ್ಜೆ ಹೇಳುವ ಸಂಕೇತಪದ 'ಖತರ್', ಅಂದರೆ ಅಪಾಯ. ನಮ್ಮ ಖತರ್ನಾಕ್ ಬಂದದ್ದೂ ಅಲ್ಲಿಂದಲೇ. ಬರೆದವರು 'ತಹ್ಜೀರ್' ಹಾಕಿದ್ದರು. ಅದು ಕಡಿಮೆ ದರ್ಜೆಯ ಎಚ್ಚರಿಕೆ. ಲೇಬಲ್‌ನ ಅಪಾಯದ ಚಿತ್ರದಲ್ಲಿ ಕೈ ಸುಡುತ್ತಿದೆ, ಪದ ಮಾತ್ರ ಮೆತ್ತಗೆ! ಆ ಕೈಯ ಚಿತ್ರ ಇದ್ದಾಗ ಚರ್ಮ, ಕಣ್ಣಿನ ಉರಿಗೆಂದು ಆಶ್ಚರ್ಯ ಚಿಹ್ನೆಯ ಚಿತ್ರವನ್ನು ಮತ್ತೆ ಹಾಕಬೇಡಿ.

ಇನ್ನೊಂದು, ಡಿಟಿಪಿಯಲ್ಲಿ ಪೇಸ್ಟ್ ಮಾಡಿದಾಗ ಅರೇಬಿಕ್ ಉಲ್ಟಾ ಆಗುವುದು ಜಾಸ್ತಿ. ಲಿಪಿ ಬಾರದಿದ್ದರೂ ಕಂಡುಹಿಡಿಯಬಹುದು. ಪ್ರೂಫ್‌ನಲ್ಲಿ 'ಖತರ್' ನೋಡಿ. ಮೂರೂ ಅಕ್ಷರ ಒಂದಕ್ಕೊಂದು ಅಂಟಿರಬೇಕು, ಮೇಲಿನ ಚುಕ್ಕೆ ಬಲತುದಿಯ ಅಕ್ಷರದ ಮೇಲಿರಬೇಕು. ಅಕ್ಷರಗಳು ಬಿಡಿಬಿಡಿಯಾಗಿ, ಚುಕ್ಕೆ ಎಡಕ್ಕೆ ಬಂದಿದ್ದರೆ ಪ್ರಿಂಟಿಂಗ್ ನಿಲ್ಲಿಸಿ. ಆಪರೇಟರ್‌ಗೆ ಬಲದಿಂದ ಎಡಕ್ಕೆ ಸೆಟ್ಟಿಂಗ್ ಹಾಕಲು ಹೇಳಿ, ಇಲ್ಲವೇ ವಾಕ್ಯವನ್ನು ಚಿತ್ರವಾಗಿ ಕೊಡಿ.